ಹತ್ತು ಕೈ, ಒಂದು ಖಾತೆ

ಸಂಘದ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ, ಅದೇ ಹೆಸರಿನಲ್ಲಿ ಮಾರಾಟ, ಕೆಲಸ ಎಲ್ಲರದು, ಬಂದ ಹಣವೂ ಎಲ್ಲರದು. ಮಹಿಳೆಯರ ಸ್ವಸಹಾಯ ಸಂಘಗಳು ಕೈಕೆಲಸದ ವಸ್ತುಗಳನ್ನು ಮಾರುವುದು ಬಹುತೇಕ ಹೀಗೆಯೇ. ಮೇಳಗಳಲ್ಲಿ, ಜಿಲ್ಲಾ ಮಟ್ಟದ ವಸ್ತುಪ್ರದರ್ಶನಗಳಲ್ಲಿ, ಆನ್‌ಲೈನ್ ಮಾರುಕಟ್ಟೆಗಳಲ್ಲಿ ಈ ಪದ್ಧತಿಯನ್ನು ಒಗ್ಗಟ್ಟಿನ ಮಾದರಿ ಎಂದು ಹೊಗಳುವುದು ವಾಡಿಕೆ. ಹೊಗಳಿಕೆಯಲ್ಲಿ ನಿಜವೂ ಇದೆ. ಆದರೆ ಒಂದು ಪದ್ಧತಿ ಒಳ್ಳೆಯದೇ ಎಂದು ತಿಳಿಯಲು ಅದರ ಉದ್ದೇಶ ನೋಡಿದರೆ ಸಾಲದು, ಅದರ ಲೆಕ್ಕದ ಪುಸ್ತಕ ತೆರೆಯಬೇಕು. ಹಾಗೆ ತೆರೆದರೆ ಕಾಣುವುದು ಇಷ್ಟು: ಸಾಲ ಕೊಟ್ಟು ತೀರಿಸಲೆಂದು ರೂಪುಗೊಂಡ ವ್ಯವಸ್ಥೆಯೊಂದನ್ನು ಏನೂ ಬದಲಿಸದೆ ಮಾರಾಟಕ್ಕೆ ಎಳೆದು ತಂದಿದ್ದೇವೆ. ಖಾತೆ ಒಂದೇ ಇರುವುದು ಸರಿ. ಆ ಖಾತೆಯ ಅಡಿಯಲ್ಲಿ ಪ್ರತಿಯೊಬ್ಬಳ ದುಡಿಮೆಗೆ ಬೇರೆ ಲೆಕ್ಕ ಇಲ್ಲದಿದ್ದರೆ, ಹಂಚಿಕೊಂಡ ಹೊಣೆ ಕೊನೆಗೆ ಯಾರ ಹೊಣೆಯೂ ಅಲ್ಲದೆ ಹೋಗುತ್ತದೆ, ಇಲ್ಲವೇ ಒಬ್ಬಳ ತಲೆಗೆ ಬೀಳುತ್ತದೆ.

ಈ ವ್ಯವಸ್ಥೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೆನೆಯಬೇಕು. 1980ರ ದಶಕದಲ್ಲಿ ಮೈರಾಡಾ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಬಂತು, ಆಮೇಲೆ ಸಂಜೀವಿನಿ. ನೋಂದಣಿ ಇಲ್ಲದ, ಹತ್ತಿಪ್ಪತ್ತು ಜನರ ಗುಂಪಿಗೆ ಬ್ಯಾಂಕು ಆ ಗುಂಪಿನ ಹೆಸರಿನಲ್ಲೇ ಖಾತೆ ಕೊಡುವಂತಾದದ್ದು ಆಗಿನ ಕಾಲಕ್ಕೆ ದೊಡ್ಡ ಬದಲಾವಣೆ. ಗುಂಪಿಗೆ ಹಾಕಿಕೊಟ್ಟ ಪಂಚಸೂತ್ರಗಳು ಯಾವುವು ನೋಡಿ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ. ಐದೂ ಸಾಲದ ಸುತ್ತಲಿನ ಶಿಸ್ತುಗಳೇ. ಸಾಲದಲ್ಲಿ ಎಲ್ಲವೂ ಮೊದಲೇ ಗೊತ್ತಿರುತ್ತದೆ. ಯಾರು ಎಷ್ಟು ತೆಗೆದುಕೊಂಡರು, ಬಡ್ಡಿ ಎಷ್ಟು, ಕಂತು ಎಂದು ಎಂಬುದು ಪುಸ್ತಕದ ಒಂದು ಸಾಲಿನಲ್ಲಿ ಮುಗಿಯುತ್ತದೆ. ಒಬ್ಬಳು ಕಟ್ಟದಿದ್ದರೆ ಉಳಿದವರಿಗೆ ತಕ್ಷಣ ತಿಳಿಯುತ್ತದೆ. ರೂಪಾಯಿಗೂ ರೂಪಾಯಿಗೂ ವ್ಯತ್ಯಾಸವಿಲ್ಲದ ಕಾರಣ ಜಂಟಿ ಹೊಣೆ ಅಲ್ಲಿ ಕೆಲಸ ಮಾಡಿತು. ಕೈಕೆಲಸದ ವಸ್ತು ಹಾಗಲ್ಲ. ಒಬ್ಬಳ ಹೊಲಿಗೆಗೂ ಇನ್ನೊಬ್ಬಳ ಹೊಲಿಗೆಗೂ ವ್ಯತ್ಯಾಸವಿದೆ, ಹಿಡಿಯುವ ಹೊತ್ತಿನಲ್ಲಿ ವ್ಯತ್ಯಾಸವಿದೆ, ಮಾಲು ಹೋದ ಮೇಲೆ ಅದು ವಾಪಸ್ಸು ಬರಬಹುದು, ಹಣ ಎರಡು ತಿಂಗಳು ತಡವಾಗಬಹುದು.

ಧಾರವಾಡ ಸೀಮೆಯ ಕಸೂತಿಯನ್ನೇ ತೆಗೆದುಕೊಂಡರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಎಳೆ ಎಣಿಸಲಾಗದ ನುಣುಪು ಬಟ್ಟೆಯಾದರೆ ಮೇಲೆ ಜಾಳಿಗೆಯಂಥ ಕ್ಯಾನ್ವಾಸ್ ಕೂರಿಸಿ ಹಾಕುತ್ತಾರೆ, ಮುಗಿದ ಮೇಲೆ ಅದರ ದಾರಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯೂ ಮುರಗಿಯೂ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು, ಗಂಟು ಕಾಣಿಸಬಾರದು. ಗೋಪುರ, ತೇರು, ತುಳಸಿ ವೃಂದಾವನದ ಚಿತ್ತಾರದಲ್ಲಿ ಒಂದು ಎಳೆಯ ಎಣಿಕೆ ತಪ್ಪಿದರೂ ಮುಂದಿನ ಸಾಲುಗಳು ಕೂಡಿಬರುವುದಿಲ್ಲ. ಆದ್ದರಿಂದ ಬಲ್ಲವರು ಕಸೂತಿ ನೋಡುವಾಗ ಮೊದಲು ಬಟ್ಟೆಯನ್ನು ಮಗುಚುತ್ತಾರೆ. ಹಿಂಬದಿಯಲ್ಲಿ ದಾರ ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಉದ್ದಕ್ಕೆ ಹಾರಿದ್ದರೆ, ಗಂಟು ಬಿದ್ದಿದ್ದರೆ ಅದು ಅವಸರದ ಕೆಲಸ. ಮುಂಬದಿಯ ಫೋಟೊದಲ್ಲಿ ಎರಡು ದುಪಟ್ಟಾ ಒಂದೇ ಥರ ಕಾಣಬಹುದು, ಅವುಗಳ ಹಿಂದಿನ ದುಡಿಮೆ ಒಂದೇ ಆಗಿರಬೇಕಿಲ್ಲ. ಸಂಘದ ಖಾತೆಗೆ ಬರುವ ಹಣಕ್ಕೆ ಈ ಹಿಂಬದಿ ಗೊತ್ತಾಗುವುದಿಲ್ಲ. ಅದನ್ನು ಗುರುತಿಸಬೇಕಾದದ್ದು ಸಂಘದ ಪುಸ್ತಕ.

ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಹತ್ತು ಮಂದಿಯ ಸಂಘಕ್ಕೆ ಪಟ್ಟಣದ ಅಂಗಡಿಯೊಂದರಿಂದ 30 ಕಸೂತಿ ದುಪಟ್ಟಾಗಳ ಆರ್ಡರ್ ಬಂತು, ಒಂದಕ್ಕೆ 1,200 ರೂಪಾಯಿ, ಒಟ್ಟು 36,000. ಬಟ್ಟೆ ಮತ್ತು ದಾರಕ್ಕೆ ಒಂದಕ್ಕೆ 400ರಂತೆ 12,000, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 1,200. ಉಳಿದದ್ದು 22,800. ಸಂಘಗಳಲ್ಲಿ ಮೊದಲು ಹೊಳೆಯುವ ದಾರಿ ಸಮಪಾಲು, ತಲೆಗೆ 2,280. ಆದರೆ ಒಬ್ಬಳು ಆರು ದುಪಟ್ಟಾ ಮಾಡಿದ್ದಾಳೆ, ಮನೆಯಲ್ಲಿ ಕಾಯಿಲೆಯವರಿದ್ದ ಇನ್ನೊಬ್ಬಳು ಒಂದೇ ಮಾಡಿದ್ದಾಳೆ. ಮೊದಲ ಸಲ ಯಾರೂ ಮಾತಾಡುವುದಿಲ್ಲ, ಸಂಘದಲ್ಲಿ ಹಾಗೆ ಕೇಳುವುದು ಸಣ್ಣತನ ಅನಿಸುತ್ತದೆ. ಎರಡನೆಯ ಆರ್ಡರ್ ಬಂದಾಗ ಆರು ಮಾಡಿದವಳು ಮೂರು ಮಾಡುತ್ತಾಳೆ. ಮೂರನೆಯದಕ್ಕೆ ತನ್ನ ಒಳ್ಳೆಯ ಕೆಲಸವನ್ನು ಸಂಘದ ಹೊರಗೆ, ಮನೆಗೆ ಬರುವ ವ್ಯಾಪಾರಿಗೆ ಕೊಡುತ್ತಾಳೆ. ಜಗಳವಿಲ್ಲದೆಯೇ ಸಂಘದ ಮಾಲಿನ ಗುಣಮಟ್ಟ ಇಳಿಯುವುದು ಹೀಗೆ. ಗಿರಾಕಿ ಬಿಟ್ಟುಹೋದದ್ದಕ್ಕೆ ಮಾರುಕಟ್ಟೆ ಇಲ್ಲ ಎಂಬ ಕಾರಣ ಕೊಡುತ್ತಾರೆ, ನಿಜವಾದ ಕಾರಣ ಹಂಚಿಕೆಯಲ್ಲಿರುತ್ತದೆ.

ಅದೇ 22,800ನ್ನು ಬೇರೆ ರೀತಿಯಲ್ಲಿ ಹಂಚಬಹುದು. ಮೊದಲು ಸೂಜಿ ಹಿಡಿದ ಕೈಗೆ: ಒಂದಕ್ಕೆ 550ರಂತೆ 16,500. ಆರು ಮಾಡಿದವಳಿಗೆ 3,300, ಒಂದು ಮಾಡಿದವಳಿಗೆ 550. ಎರಡನೆಯದು ಕಾಣದ ಕೆಲಸಕ್ಕೆ: ಅಂಗಡಿಯವರೊಡನೆ ಮಾತಾಡಿದವಳು, ಬಟ್ಟೆ ಅಳೆದು ಕತ್ತರಿಸಿ ಕೊಟ್ಟವಳು, ಹಿಂಬದಿ ತಿರುಗಿಸಿ ಪರೀಕ್ಷಿಸಿದವಳು, ಪೆಟ್ಟಿಗೆ ಕಟ್ಟಿ ಕೊರಿಯರ್‌ಗೆ ಒಯ್ದವಳು, ಲೆಕ್ಕ ಬರೆದವಳು. ಇವರಿಗೆಲ್ಲ ಸೇರಿ ಮಾರಾಟದ ನೂರಕ್ಕೆ 8ರಂತೆ 2,880. ಉಳಿದ 3,420 ಸಂಘದ ಆಪದ್ಧನ. ಈಗ ಮೂರು ದುಪಟ್ಟಾ ಬಣ್ಣ ಬಿಟ್ಟವೆಂದು ವಾಪಸ್ಸು ಬಂದವು ಎನ್ನಿ. ಹಿಂದಿರುಗಿಸಬೇಕಾದ ಹಣ 3,600. ಒಂದೇ ಆರ್ಡರಿನ ಆಪದ್ಧನ ಅಲ್ಲಿಗೇ ಮುಗಿದು, ಇನ್ನೂ 180 ರೂಪಾಯಿ ಸಾಲದಾಯಿತು, ವಾಪಸ್ಸಿನ ಕೊರಿಯರ್ ಬೇರೆ. ಇಲ್ಲಿ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಪುಸ್ತಕದಿಂದ ಬರಬೇಕು. ಬಣ್ಣ ಬಿಟ್ಟದ್ದು ಅಗ್ಗದ ಕೆಂಪು ದಾರದಿಂದಾದರೆ, ಆ ದಾರವನ್ನು ಕೊಳ್ಳುವ ತೀರ್ಮಾನ ಸಂಘದ್ದು, ನಷ್ಟ ಆಪದ್ಧನದ್ದು. ಹೊಲಿದವಳ ಕೂಲಿ ಮುಟ್ಟಬಾರದು. ಬಂದ ತಕರಾರು ಎಣಿಕೆ ತಪ್ಪಿದ್ದರದ್ದಾದರೆ ಹೊಲಿದವಳು ಬಿಚ್ಚಿ ಸರಿಪಡಿಸಬೇಕು. ಪರೀಕ್ಷಿಸಿದವಳು ಅದನ್ನು ಒಪ್ಪಿಬಿಟ್ಟಿದ್ದರೆ ಆ ಕೆಲಸಕ್ಕೆ ಅವಳು ಪಡೆದ ಹಣದಲ್ಲಿ ಸ್ವಲ್ಪ ಹಿಡಿಯಬೇಕು. ಇಷ್ಟು ಹೇಳಲು ಬೇಕಾದದ್ದು ಒಂದೇ: ಪ್ರತಿ ದುಪಟ್ಟಾಕ್ಕೂ ಒಂದು ನಂಬರು, ಆ ನಂಬರಿನ ಮುಂದೆ ಹೊಲಿದವಳ ಹೆಸರು, ದಾರ ತಂದ ತಾರೀಖು, ಪರೀಕ್ಷಿಸಿದವಳ ಸಹಿ.

ಈ ಲೆಕ್ಕ ಇನ್ನೊಂದು ಅಪ್ರಿಯ ಸತ್ಯವನ್ನೂ ಹೊರಗೆ ಹಾಕುತ್ತದೆ. ಒಂದು ದುಪಟ್ಟಾಕ್ಕೆ 14 ತಾಸು ಹಿಡಿಯುತ್ತದೆ ಎಂದುಕೊಂಡರೆ 550 ರೂಪಾಯಿಯಲ್ಲಿ ತಾಸಿಗೆ 40 ರೂಪಾಯಿಯೂ ಬೀಳುವುದಿಲ್ಲ. ಪಾಸ್‌ಬುಕ್ಕಿನಲ್ಲಿ 36,000 ಜಮಾ ಆದದ್ದು ಕಂಡಾಗ ಸಂಘಕ್ಕೂ ಅಧಿಕಾರಿಗಳಿಗೂ ಅದು ದೊಡ್ಡ ಯಶಸ್ಸಿನಂತೆ ತೋರುತ್ತದೆ. ಒಟ್ಟು ಮೊತ್ತ ಕಣ್ಣು ತುಂಬಿಸುತ್ತದೆ, ತಾಸಿನ ಕೂಲಿ ಯಾವ ಪುಟದಲ್ಲೂ ಇರುವುದಿಲ್ಲ. ಸಂಘದ ವಹಿವಾಟು ಇಷ್ಟು ಲಕ್ಷ ಎಂಬ ಮಾತು ವರದಿಗಳಲ್ಲಿ ಕಾಣಿಸುವಷ್ಟು ಸುಲಭವಾಗಿ ಒಬ್ಬಳಿಗೆ ತಾಸಿಗೆ ಎಷ್ಟು ಸಿಕ್ಕಿತು ಎಂಬ ಮಾತು ಕಾಣಿಸುವುದಿಲ್ಲ. ಬೇರೆ ಬೇರೆ ಲೆಕ್ಕವಿದ್ದರೆ ಮಾತ್ರ 1,200ಕ್ಕೆ ಒಪ್ಪಿದ್ದು ತಪ್ಪು, ಇದೇ ಚಿತ್ತಾರಕ್ಕೆ ಇನ್ನಷ್ಟು ಕೇಳಬೇಕಿತ್ತು, ಇಲ್ಲವೇ ಅಂಚನ್ನು ಸರಳಗೊಳಿಸಬೇಕಿತ್ತು ಎಂಬ ಅರಿವು ಮುಂದಿನ ಆರ್ಡರಿಗೆ ಮೊದಲೇ ಬರುತ್ತದೆ. ಸಮಪಾಲಿನ ಸಂಘದಲ್ಲಿ ಬೆಲೆ ಕಡಿಮೆಯಾಯಿತು ಎಂದು ಯಾರಿಗೂ ಅನಿಸುವುದಿಲ್ಲ, ಏಕೆಂದರೆ ಹೆಚ್ಚು ಹೊಲಿದವಳ ಶ್ರಮ ಕಡಿಮೆ ಹೊಲಿದವಳ ಪಾಲಿನಲ್ಲಿ ಕರಗಿ ಸರಾಸರಿ ಚೆನ್ನಾಗಿ ಕಾಣುತ್ತದೆ.

ಇದು ಹೊಸ ಕಲ್ಪನೆಯೂ ಅಲ್ಲ, ಬರೀ ಕಾಗದದ ಮೇಲಿನದೂ ಅಲ್ಲ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯ ಬಲ ಇಂಥದೇ ವಿಭಜನೆಯಲ್ಲಿದೆ. ಹೆಸರು ಒಂದು, ಮಾರಾಟ ಒಂದು, ರುಚಿ ಒಂದು. ಕಲಸಿದ ಹಿಟ್ಟನ್ನು ಮನೆಗೆ ಒಯ್ದು ಹಪ್ಪಳ ಲಟ್ಟಿಸಿ ತಂದವಳಿಗೆ ತೂಕದ ಮೇಲೆ ಲಟ್ಟಿಸಿದ ಕೂಲಿ ಸಿಗುತ್ತದೆ. ಲಾಭ ಬಂದರೆ ಅದು ಬೇರೆ ಲೆಕ್ಕ, ಅದರಲ್ಲಿ ಎಲ್ಲ ಸದಸ್ಯೆಯರಿಗೂ ಪಾಲು. ನಷ್ಟವಾದರೂ ಹಾಗೆಯೇ. ದುಡಿದದ್ದಕ್ಕೆ ದುಡಿದಷ್ಟು, ಒಡೆತನಕ್ಕೆ ಸಮಪಾಲು ಎಂಬ ಈ ಎರಡು ಸಾಲುಗಳನ್ನು ಅವರು ಬೆರೆಸಲಿಲ್ಲ. ಆದರೆ ಆ ಮಾದರಿಯನ್ನು ಕಸೂತಿಗೆ ಹಾಗೇ ಎತ್ತಿ ತರಲಾಗದು ಎಂಬುದನ್ನೂ ಹೇಳಬೇಕು. ಹಪ್ಪಳವನ್ನು ತೂಗಬಹುದು, ಅಳತೆ ನೋಡಿ ತಳ್ಳಿಹಾಕಬಹುದು. ತೇರಿನ ಚಿತ್ತಾರಕ್ಕೂ ಸರಳ ಗವಂತಿ ಅಂಚಿಗೂ ಒಂದೇ ದರ ಇಟ್ಟರೆ ಅನ್ಯಾಯ. ಆದ್ದರಿಂದ ಕಸೂತಿ ಸಂಘ ಮೂರು ನಾಲ್ಕು ದರ್ಜೆಗಳ ದರಪಟ್ಟಿ ಮಾಡಿಕೊಳ್ಳಬೇಕು. ಪ್ರತಿ ದರ್ಜೆಗೂ ಒಂದು ಮಾದರಿ ತುಂಡು ಹೊಲಿದು, ಅದಕ್ಕೆ ಹಿಡಿದ ತಾಸುಗಳನ್ನು ಬರೆದು ಪೆಟ್ಟಿಗೆಯಲ್ಲಿ ಇಡಬೇಕು. ವಿವಾದ ಬಂದಾಗ ಮಾತಿನ ಬದಲು ಆ ತುಂಡು ತೆಗೆದು ಪಕ್ಕಕ್ಕಿಟ್ಟು ನೋಡಬಹುದು.

ಇನ್ನು ಖಾತೆಯ ವಿಷಯ. ಸಂಘದ ಬ್ಯಾಂಕ್ ಖಾತೆ ಸಾಮಾನ್ಯವಾಗಿ ಪ್ರತಿನಿಧಿಗಳಲ್ಲಿ ಇಬ್ಬರ ಸಹಿಯಿಂದ ನಡೆಯುತ್ತದೆ. ಈ ನಿಯಮ ಹಣವನ್ನು ಕಾಪಾಡುತ್ತದೆ. ಯುಪಿಐ ಬೆಳೆದದ್ದು ಒಂದು ಮೊಬೈಲ್, ಒಬ್ಬರ ಪಿನ್ ಎಂಬ ತಳಹದಿಯ ಮೇಲೆ. ಮೇಳದ ಮಳಿಗೆಯಲ್ಲಿ ಗಿರಾಕಿ ಫೋನ್ ಚಾಚಿದಾಗ ಇಬ್ಬರ ಸಹಿಯ ಖಾತೆ ಕೈಗೆಟುಕದೆ ಹೋದರೆ, ಸದಸ್ಯೆಯೊಬ್ಬಳ ಸ್ವಂತ ಕ್ಯೂಆರ್ ಕೋಡ್ ಹೊರಬರುತ್ತದೆ. ಆ ಗಳಿಗೆಯಿಂದ ಸಂಘದ ಹಣ ಅವಳ ಸಂಬಳ, ಅವಳ ಗಂಡನ ರೀಚಾರ್ಜು, ಅವಳ ಗ್ಯಾಸ್ ಸಬ್ಸಿಡಿಯೊಂದಿಗೆ ಬೆರೆಯುತ್ತದೆ. ಅವಳು ಪ್ರಾಮಾಣಿಕಳೇ ಇರಬಹುದು, ಆದರೆ ತನ್ನ ಪ್ರಾಮಾಣಿಕತೆಯನ್ನು ತೋರಿಸಿಕೊಡುವ ದಾರಿ ಅವಳಿಗೇ ಉಳಿಯುವುದಿಲ್ಲ. ಆನ್‌ಲೈನ್ ಮಾರಾಟದ ಲಾಗಿನ್ನೂ ಹೀಗೆಯೇ: ಒಟಿಪಿ ಯಾರ ಫೋನಿಗೆ ಬರುತ್ತದೋ ಸಂಘದ ಅಂಗಡಿಯ ಬೀಗದ ಕೈ ಅವಳ ಬಳಿ. ಹಣ ಪಡೆಯಲು ಮಾತ್ರ ಬಳಸುವ ಕ್ಯೂಆರ್ ಕೋಡನ್ನು ಸಂಘದ ಖಾತೆಗೇ ಮಾಡಿಸಿಕೊಳ್ಳುವುದು, ಹಣ ಹೊರಹೋಗುವಾಗ ಮಾತ್ರ ಎರಡು ಸಹಿ ಉಳಿಸಿಕೊಳ್ಳುವುದು, ಸಂಘದ ಹೆಸರಿನಲ್ಲೇ ಒಂದು ಸಿಮ್ ಇಟ್ಟು ಅದನ್ನು ಸಭೆಯಲ್ಲಿ ಹಸ್ತಾಂತರಿಸುವುದು, ಇವು ಸಣ್ಣ ಏರ್ಪಾಡುಗಳು. ಇವಿಲ್ಲದಿದ್ದರೆ ಜಂಟಿ ಖಾತೆ ಹೆಸರಿಗಷ್ಟೇ ಜಂಟಿ.

ಅದಕ್ಕಿಂತ ಗಂಭೀರವಾದದ್ದು ಸಾಲದ ಹಣವೂ ಮಾರಾಟದ ಹಣವೂ ಒಂದೇ ಖಾತೆಯಲ್ಲಿ ಬೆರೆಯುವುದು. ಬ್ಯಾಂಕಿನ ಸಾಲದ ಕಂತು ಆ ಖಾತೆಯಿಂದಲೇ ಕಡಿತವಾಗುವ ಏರ್ಪಾಡಿದ್ದರೆ, ದುಪಟ್ಟಾದ ಹಣ ಜಮಾ ಆದ ಮರುದಿನ ಇನ್ನೊಬ್ಬಳ ಎಮ್ಮೆಯ ಸಾಲದ ಬಾಕಿಗೆ ಹೋಗಿಬಿಡಬಹುದು. ಬ್ಯಾಂಕಿನ ದೃಷ್ಟಿಯಲ್ಲಿ ತಪ್ಪಿಲ್ಲ, ಸಾಲ ಸಂಘದ್ದೇ. ಹೊಲಿದವಳಿಗೆ ಮಾತ್ರ ತನ್ನ ಕೂಲಿ ಎಲ್ಲಿ ಹೋಯಿತು ಎಂದು ತಿಳಿಯುವುದಿಲ್ಲ. ಸಾಲದ ಜಂಟಿ ಹೊಣೆಗೆ ಅವಳು ಒಪ್ಪಿದ್ದಳು, ಕೂಲಿಯನ್ನೂ ಅದಕ್ಕೆ ಒತ್ತೆ ಇಟ್ಟಿರಲಿಲ್ಲ. ಹೀಗಾಗಿ ಮಾರಾಟಕ್ಕೆ ಸಂಘದ ಹೆಸರಿನಲ್ಲೇ ಇನ್ನೊಂದು ಖಾತೆ ಇರಬೇಕು. ಮಾರಾಟಕ್ಕೆ ಒಂದೇ ಖಾತೆ ಎಂಬ ತತ್ವಕ್ಕೆ ಇದರಿಂದ ಭಂಗವಿಲ್ಲ.

ಇಷ್ಟಕ್ಕೆ ಮೊದಲ ಆಕ್ಷೇಪ ಸಂಘದ ಒಳಗಿನಿಂದಲೇ ಬರುತ್ತದೆ. ಯಾರು ಎಷ್ಟು ಮಾಡಿದರು ಎಂದು ಬರೆಯತೊಡಗಿದರೆ ಸಂಘ ಎಂಬುದು ಎಲ್ಲಿ ಉಳಿಯಿತು, ಅದು ಗುತ್ತಿಗೆದಾರನ ಹಾಜರಿ ಪುಸ್ತಕವಾಗುವುದಿಲ್ಲವೇ? ಕಷ್ಟದಲ್ಲಿದ್ದವಳು ಕಡಿಮೆ ಮಾಡಿದರೂ ಸಮನಾಗಿ ಪಡೆಯುವುದೇ ಸಂಘದ ಧರ್ಮವಲ್ಲವೇ? ಈ ಮಾತಿಗೆ ತೂಕವಿದೆ. ಆದರೆ ನೆರವಿಗೂ ಕೂಲಿಗೂ ಗಡಿ ಹಾಕಿದಾಗಲೇ ನೆರವು ನೆರವಾಗಿ ಉಳಿಯುವುದು. ಕಾಯಿಲೆಯ ಮನೆಯವಳಿಗೆ ಆಪದ್ಧನದಿಂದ 1,000 ಕೊಡೋಣ ಎಂದು ಠರಾವು ಪುಸ್ತಕದಲ್ಲಿ ಬರೆದರೆ ಎಲ್ಲರೂ ತಿಳಿದು ಕೊಟ್ಟಂತಾಗುತ್ತದೆ, ಪಡೆದವಳೂ ತಲೆಯೆತ್ತಿ ಪಡೆಯುತ್ತಾಳೆ. ಸಮಪಾಲಿನಲ್ಲಿ ಆ ಹಣ ಹೋಗುವುದು ಆರು ಮಾಡಿದವಳೊಬ್ಬಳ ಜೇಬಿನಿಂದ, ಅವಳನ್ನು ಕೇಳದೆ. ಗುತ್ತಿಗೆದಾರನ ಪುಸ್ತಕಕ್ಕೂ ಸಂಘದ ಪುಸ್ತಕಕ್ಕೂ ಇರುವ ಅಂತರ ಬೇರೆ ಕಡೆ ಇದೆ: ಇಲ್ಲಿ ದರವನ್ನು ಹೊಲಿದವರೇ ಸಭೆಯಲ್ಲಿ ನಿಗದಿ ಮಾಡುತ್ತಾರೆ, ಪುಸ್ತಕವನ್ನು ಯಾವ ಸದಸ್ಯೆಯೂ ತೆರೆದು ನೋಡಬಹುದು, ಉಳಿದ ಲಾಭ ಅವರದೇ.

ಎರಡನೆಯ ಆಕ್ಷೇಪ ಇಷ್ಟೆಲ್ಲ ಬರೆಯುವವರು ಯಾರು ಎಂಬುದು. ಈಗಾಗಲೇ ಉಳಿತಾಯದ ಪುಸ್ತಕ, ಸಾಲದ ಪುಸ್ತಕ, ನಡಾವಳಿ ಪುಸ್ತಕ ಬರೆಯುವುದು ಒಬ್ಬಿಬ್ಬರು ಓದುಬರಹ ಬಲ್ಲವರ ಮೇಲೆ ಬಿದ್ದಿದೆ. ನಿಜ, ಆದರೆ ಇಲ್ಲಿ ಭಾರ ಪುಸ್ತಕದ್ದಲ್ಲ, ಪುಕ್ಕಟೆ ದುಡಿಮೆಯದು. ಹೊಣೆಗಳನ್ನು ಸರದಿಯ ಮೇಲೆ ಹಂಚಿ ಎಂಬುದು ಎಲ್ಲ ತರಬೇತಿಗಳಲ್ಲೂ ಕೇಳುವ ಸಲಹೆ. ಆ ಸಲಹೆ ಅರ್ಧ ಸರಿ. ಸಹಿ ಹಾಕುವುದು, ಮಾಲು ಎಣಿಸುವುದು, ತಿಂಗಳ ಕೊನೆಗೆ ಪಾಸ್‌ಬುಕ್ಕನ್ನು ಆರ್ಡರ್ ಪುಸ್ತಕದೊಡನೆ ತಾಳೆ ನೋಡುವುದು, ಇಂಥ ಕಾವಲಿನ ಕೆಲಸಗಳು ಸರದಿಯಲ್ಲಿ ತಿರುಗಲೇಬೇಕು. ಒಬ್ಬರ ಬಳಿ ನಿಂತರೆ ಅಧಿಕಾರವಾಗುತ್ತದೆ. ಫೋಟೊ ತೆಗೆಯುವುದು, ಗಿರಾಕಿಗೆ ಉತ್ತರಿಸುವುದು, ಲೆಕ್ಕ ಬರೆಯುವುದು ಕೈ ಪಳಗಬೇಕಾದ ಕೆಲಸಗಳು. ಇವನ್ನು ಮೂರು ತಿಂಗಳಿಗೊಮ್ಮೆ ತಿರುಗಿಸಿದರೆ ಗಿರಾಕಿಗೆ ಪ್ರತಿ ಸಲವೂ ಹೊಸಬರು ಸಿಗುತ್ತಾರೆ, ಹಳೆಯ ಮಾತು ಯಾರಿಗೂ ನೆನಪಿರುವುದಿಲ್ಲ. ಪಳಗಿದವಳ ಬಳಿಯೇ ಇರಲಿ, ಅದಕ್ಕೆ ಹಣ ಕೊಡಲಿ, ಪಕ್ಕದಲ್ಲಿ ಕಲಿಯುವವಳೊಬ್ಬಳು ಇರಲಿ. ಮೇಲಿನ ಲೆಕ್ಕದ 2,880 ರೂಪಾಯಿ ಇರುವುದು ಇದಕ್ಕೇ. ಸೇವೆ ಎಂದು ಹೊಗಳಿ ಪುಕ್ಕಟೆ ಮಾಡಿಸಿಕೊಂಡ ಸಂಘದಲ್ಲಿ ಆ ಒಬ್ಬಳು ಮದುವೆಯಾಗಿ ಊರು ಬಿಟ್ಟರೆ, ಅಥವಾ ಬೇಸತ್ತು ಕೈಬಿಟ್ಟರೆ, ಅಂಗಡಿ ಅಲ್ಲಿಗೇ ಮುಚ್ಚುತ್ತದೆ.

ಮೂರನೆಯ ಆಕ್ಷೇಪ ಎದುರಿನ ದಿಕ್ಕಿನಿಂದ ಬರುತ್ತದೆ. ಇಷ್ಟು ತೊಡಕಿದ್ದರೆ ಪ್ರತಿಯೊಬ್ಬಳೂ ತನ್ನದೇ ಖಾತೆಯಲ್ಲಿ ಮಾರಲಿ, ಫೋನು ಎಲ್ಲರ ಬಳಿಯೂ ಇದೆಯಲ್ಲ ಎನ್ನುತ್ತಾರೆ. ಕೈ ಚುರುಕಾದ, ಮಾತು ಬಲ್ಲ ಒಬ್ಬಿಬ್ಬರಿಗೆ ಇದು ಒದಗಬಹುದು. ಆದರೆ 30 ದುಪಟ್ಟಾಗಳ ಆರ್ಡರನ್ನು ಒಬ್ಬಳೇ ಹೇಳಿದ ದಿನಕ್ಕೆ ಮುಗಿಸಲಾರಳು. ಬಟ್ಟೆಯನ್ನು ಥಾನುಗಟ್ಟಲೆ ಕೊಂಡರೆ ಸಿಗುವ ದರ ಅವಳಿಗೆ ಸಿಗದು. ಮೂರು ದುಪಟ್ಟಾ ವಾಪಸ್ಸು ಬಂದರೆ ಅವಳ ತಿಂಗಳ ಗಳಿಕೆಯೇ ಹೋಗುತ್ತದೆ. ಹತ್ತು ಜನರ ನಡುವೆ ಅದೇ ನಷ್ಟ ತಲೆಗೆ 360 ರೂಪಾಯಿ. ಜಂಟಿ ಖಾತೆಯ ನಿಜವಾದ ಪ್ರಯೋಜನ ಇರುವುದು ಇಲ್ಲಿ, ಅಂದರೆ ಕೊಳ್ಳುವುದರಲ್ಲಿ, ದೊಡ್ಡ ಆರ್ಡರ್ ಒಪ್ಪಿಕೊಳ್ಳುವುದರಲ್ಲಿ ಮತ್ತು ಹೊಡೆತ ತಾಳಿಕೊಳ್ಳುವುದರಲ್ಲಿ. ಗಳಿಕೆಯನ್ನು ಸಮ ಮಾಡುವುದು ಅದರ ಕೆಲಸವೇ ಅಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದಲ್ಲೇ ಪದ್ಧತಿ ಎಡವಿದೆ.

ಹಾಗಾದರೆ ಒಂದು ಸಂಘದ ಮಾರಾಟ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ವಹಿವಾಟಿನ ಮೊತ್ತ ಕೇಳಿ ಪ್ರಯೋಜನವಿಲ್ಲ. ಮಾರಾಟದ ಒಂದು ವಸ್ತುವನ್ನು ಕೈಗೆತ್ತಿಕೊಂಡು ಇದನ್ನು ಹೊಲಿದವರು ಯಾರು, ಅವರಿಗೆ ಎಷ್ಟು ಸಂದಿತು ಎಂದು ಕೇಳಿ, ಪುಸ್ತಕದಲ್ಲಿ ಉತ್ತರ ಸಿಗುತ್ತದೆಯೇ ನೋಡಬೇಕು. ಕಳೆದ ಸಲ ವಾಪಸ್ಸು ಬಂದ ಮಾಲಿನ ನಷ್ಟ ಯಾವ ಲೆಕ್ಕಕ್ಕೆ ಹೋಯಿತು ಎಂದು ಕೇಳಬೇಕು. ಸಂಘದ ಫೋನು ಈ ವಾರ ಒಬ್ಬಳ ಬಳಿ ಇಲ್ಲದಿದ್ದರೆ ಮಾರಾಟ ನಿಲ್ಲುತ್ತದೆಯೇ ಎಂದು ಕೇಳಬೇಕು. ಈ ಮೂರಕ್ಕೂ ಉತ್ತರವಿರುವ ಸಂಘದಲ್ಲಿ ಒಂದೇ ಖಾತೆ ಎಂಬುದು ಬಲ. ಉತ್ತರವಿಲ್ಲದ ಸಂಘಕ್ಕೆ ಹೊಸ ಮೇಳವನ್ನೋ ಹೊಸ ಆನ್‌ಲೈನ್ ಮಳಿಗೆಯನ್ನೋ ಒದಗಿಸಿದರೆ ಹೆಚ್ಚುವುದು ಗೊಂದಲ. ಯೋಜನೆಗಳು ಮಾರುಕಟ್ಟೆ ಹುಡುಕಿಕೊಡಲು ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು, ಪ್ರತಿ ಸಂಘದಲ್ಲೂ ವಸ್ತುವಾರು ಲೆಕ್ಕ ಬರೆಯುವ ಒಬ್ಬಳಿಗೆ ಕೂಲಿ ಕೊಡಲು ಎತ್ತಿಡುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.